ಮೂತಿ ಒಂದೇ, ಒಳಗಿನ ತಂತಿ ಬೇರೆ (ಟೈಪ್-ಸಿ ಕೇಬಲ್, ಭಾಗ 1)

ಫೋಟೋದಲ್ಲಿ ಮೂರು ಟೈಪ್-ಸಿ ಕೇಬಲ್ ಇದೆ. ಯಾವುದ್ರಲ್ಲಿ ಡೇಟಾ ಹೋಗುತ್ತೆ, ಯಾವುದ್ರಲ್ಲಿ ವಿಡಿಯೊ ಬರುತ್ತೆ, ನೋಡಿ ಹೇಳ್ತೀರಾ? ನನ್ನ ಕೈಲಿ ಆಗಲ್ಲ. ಗೊತ್ತಾಗೋ ಹಾಗೆ ಮಾರಲ್ಲ ಅನ್ನೋದೇ ನನ್ನ ತಕರಾರು.

ಮಿನಿ ಪ್ರಾಜೆಕ್ಟ್ ಹಿಂದಿನ ರಾತ್ರಿ ನಮ್ಮ ಈಎಸ್‌ಪಿ32 ಬೋರ್ಡ್ ಲ್ಯಾಪ್‌ಟಾಪ್‌ಗೆ ಹಾಕಿದ್ವಿ. ಬೋರ್ಡಿನ ಕೆಂಪು ದೀಪ ಉರೀತು, ಆದ್ರೆ ಪೋರ್ಟ್ ಲಿಸ್ಟ್ ಖಾಲಿ. ಡ್ರೈವರ್ ಮೂರು ಸಲ ಇನ್‌ಸ್ಟಾಲ್ ಮಾಡಿದ್ವಿ. "ಬೋರ್ಡೇ ಸುಟ್ಟೋಗಿದೆ ಮಗಾ" ಅಂತ ಹೊಸದಕ್ಕೆ ದುಡ್ಡು ಕೂಡಿಸೋಕೆ ಶುರು ಮಾಡಿದ್ರು. ಕೊನೆಗೆ ಬೇರೆ ಕೇಬಲ್ ಹಾಕಿದ್ರೆ ಎರಡೇ ಸೆಕೆಂಡಲ್ಲಿ ಪೋರ್ಟ್ ಬಂತು. ಮೊದಲನೇದು ಇಯರ್‌ಬಡ್ಸ್ ಡಬ್ಬಿಯಲ್ಲಿ ಬಂದಿದ್ದ ಗಿಡ್ಡ ಕೇಬಲ್. ಅದ್ರಲ್ಲಿ ಕರೆಂಟ್ ತಂತಿ ಮಾತ್ರ ಇತ್ತು, ಡೇಟಾದ ಎರಡು ತಂತಿ ಹಾಕೇ ಇರಲಿಲ್ಲ. ದೀಪ ಉರಿಯೋಕೆ ಅಷ್ಟು ಸಾಕು, ಮಾತಾಡೋಕೆ ಸಾಲಲ್ಲ.

ಹಾಗಾಗಿ ಕೇಬಲ್ ಮೂರು ಥರ ಅಂತ ಇಟ್ಕೊಳ್ಳಿ.

ಒಂದು, ಬರೀ ಚಾರ್ಜ್. ಟ್ರಿಮ್ಮರ್, ಇಯರ್‌ಬಡ್ಸ್, ಪುಟ್ಟ ಫ್ಯಾನ್ ಜೊತೆ ಬರೋದು ಹೆಚ್ಚಾಗಿ ಇದು.

ಎರಡು, ಚಾರ್ಜ್ ಜೊತೆ ನಿಧಾನದ ಡೇಟಾ, ಅಂದ್ರೆ ಯುಎಸ್‌ಬಿ 2.0. ಫೋನ್ ಡಬ್ಬಿಯ ಕೇಬಲ್ ಬಹುತೇಕ ಇದೇ. 1 ಜಿಬಿ ವಿಡಿಯೊ ಕಾಪಿ ಆಗೋಕೆ ಹೆಚ್ಚು ಕಮ್ಮಿ ಅರ್ಧ ನಿಮಿಷ.

ಮೂರು, ಎಲ್ಲಾ ತಂತಿ ಇರೋದು. ವೇಗದ ಡೇಟಾಗೆ ಬೇರೆಯೇ ನಾಲ್ಕು ಜೋಡಿ ತಂತಿ ಇರುತ್ತೆ. ಫೋನ್, ಲ್ಯಾಪ್‌ಟಾಪಿಂದ ಮಾನಿಟರಿಗೆ ವಿಡಿಯೊ ಹೋಗೋದು ಸಾಮಾನ್ಯವಾಗಿ ಆ ದಾರೀಲೇ. ನಮ್ಮೂರ ಮುಂದಿನ ಹೈವೇ ಇದ್ದಂಗೆ. ಎರಡನೇ ಕೇಬಲಲ್ಲಿ ಆ ಹೈವೇನೇ ಇಲ್ಲ.

ಈಗ ಪರೀಕ್ಷೆ. ಫೋನ್ ಲಾಕ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ. ನೋಟಿಫಿಕೇಶನ್ ಒತ್ತಿದಾಗ `File transfer` ಆರಿಸೋಕೆ ಬಿಟ್ಟು, ಫೋನಿನ ಫೋಲ್ಡರ್ ಲ್ಯಾಪ್‌ಟಾಪಲ್ಲಿ ಕಂಡ್ರೆ ಡೇಟಾ ತಂತಿ ಇದೆ. ಚಾರ್ಜ್ ಆಗ್ತಿದ್ದೂ ಏನೂ ಕೇಳಲಿಲ್ಲ ಅಂದ್ರೆ, ಅದೇ ಫೋನು ಅದೇ ಪೋರ್ಟಿಗೆ ಗೊತ್ತಿರೋ ಒಳ್ಳೇ ಕೇಬಲ್ ಹಾಕಿ. ಅದ್ರಲ್ಲಿ ಬಂದ್ರೆ ತಪ್ಪು ಮೊದಲನೇ ಕೇಬಲಿನದು, ಒಂದೋ ಬರೀ ಚಾರ್ಜಿಂದು, ಇಲ್ಲಾ ಒಳಗೆ ತಂತಿ ಕಿತ್ತಿದೆ.

ವಿಡಿಯೊಗೆ, ಮೊದಲು ಎರಡೂ ತುದಿ ನೋಡಿ. ಒಂದು ತುದಿ ಹಳೇ ಅಗಲದ ಯುಎಸ್‌ಬಿ ಆದ್ರೆ ಬಿಟ್ಬಿಡಿ. ಎರಡೂ ಸಿ ಆದ್ರೆ ಟಾರ್ಚ್ ಹಾಕಿ ಮೂತಿ ಒಳಗೆ ಝೂಮ್ ಮಾಡಿ. ಚಿನ್ನದ ಬಣ್ಣದ ಪಿನ್ ಸಾಲಲ್ಲಿ ಎರಡೂ ಪಕ್ಕ ಸಂದು ಬಿಟ್ಟಿದ್ರೆ ವಿಡಿಯೊ ಬರಲ್ಲ. ಸಾಲು ತುಂಬಿದ್ರೆ ಬರುತ್ತೆ ಅಂತಲೂ ಗ್ಯಾರಂಟಿ ಇಲ್ಲ, ಪಿನ್ ಇಟ್ಟು ತಂತಿ ಹಾಕದೇ ಇರೋದೂ ಉಂಟು. ಖಾತ್ರಿ ಆಗ್ಬೇಕಂದ್ರೆ ಕೆಲಸ ಮಾಡ್ತಿರೋ ಸಿ ಮಾನಿಟರಿಂದ ಕೇಬಲ್ ಒಂದನ್ನೇ ಬದಲಿಸಿ ನೋಡಿ. ಇನ್ನೊಂದು, ಎಷ್ಟೋ ಕಡಿಮೆ ಬೆಲೆಯ ಫೋನಿನ ಪೋರ್ಟಲ್ಲೇ ವಿಡಿಯೊ ಇರಲ್ಲ. ಆಗ ದುಬಾರಿ ಕೇಬಲ್ ತಂದ್ರೂ ದಂಡ.

ಜನ ಹೆಚ್ಚಾಗಿ ಮೋಸ ಹೋಗೋದು ವಾಟ್ ನೋಡಿ. "240 ವಾಟ್ ಅಣ್ಣಾ, ಎಲ್ಲಾ ಬರುತ್ತೆ" ಅಂತಾರೆ. ವಾಟ್ ಅಂದ್ರೆ ಕರೆಂಟಿನ ಲೆಕ್ಕ. ಆಪಲ್‌ನ 240 ವಾಟ್ ಚಾರ್ಜ್ ಕೇಬಲ್ಲೇ ಡೇಟಾದಲ್ಲಿ ಯುಎಸ್‌ಬಿ 2.0. ನೀವು ಹುಡುಕಬೇಕಾದ ಪದ `Gbps`. 480 `Mbps` ಅಂತಿದ್ರೆ ಅದು ಎರಡನೇ ಥರ. 10, 20, 40 `Gbps` ಅಂತಿದ್ರೆ ಮೂರನೇದು. ಏನೂ ಬರೆದಿಲ್ಲ ಅಂದ್ರೆ ಚಾರ್ಜಿಗೆ ಅಂತ್ಲೇ ತಿಳ್ಕೊಂಡು ಅಷ್ಟೇ ದುಡ್ಡು ಕೊಡಿ.

ಬರೀ ಚಾರ್ಜ್ ಕೇಬಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಬಸ್‌ಸ್ಟ್ಯಾಂಡಿನ ಯುಎಸ್‌ಬಿ ತೂತಿಗೆ ಫೋನ್ ಹಾಕುವಾಗ ನಾನೇ ಅದನ್ನ ಬಳಸ್ತೀನಿ, ಡೇಟಾ ತಂತಿನೇ ಇಲ್ಲದಿದ್ರೆ ಫೋನಿಂದ ಯಾರೂ ಏನೂ ಎಳ್ಕೊಳ್ಳೋಕಾಗಲ್ಲ. ತಪ್ಪು ಇರೋದು ಹೇಳದೇ ಮಾರೋದ್ರಲ್ಲಿ. ಅಂಗಡೀಲಿ ಕೇಳಿದಾಗ ನನಗೆ ಸಿಕ್ಕ ಉತ್ತರ, "ಎಲ್ಲಾ ಒಂದೇ ತಮ್ಮಾ, ಸಿ ಅಂದ್ರೆ ಸಿ." 2023ರ ಜನವರಿಯಲ್ಲಿ ಬಿಐಎಸ್ ಟೈಪ್-ಸಿಗೆ ಭಾರತದ ಮಾನದಂಡ ಹೊರಡಿಸ್ತು, ಒಳ್ಳೇದೇ. ಆದ್ರೆ ಮೂತಿ ಒಂದಾದಷ್ಟೂ ಒಳಗೇನಿದೆ ಅಂತ ಹೊರಗೆ ಬರೆಯೋದು ಇನ್ನೂ ಮುಖ್ಯ. ಕೇಬಲ್ ಮೇಲೇ `Gbps` ಎಷ್ಟು, ವಾಟ್ ಎಷ್ಟು ಅಂತ ಅಚ್ಚು ಹಾಕದಿದ್ದದ್ದನ್ನ ಅಂಗಡಿಗೇ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಅಲ್ಲೀವರೆಗೆ ಕೌಂಟರಲ್ಲೇ, ದುಡ್ಡು ಕೊಡೋ ಮುಂಚೆ, "ಅಣ್ಣಾ, ಒಂದು ಸಲ ಲ್ಯಾಪ್‌ಟಾಪ್‌ಗೆ ಹಾಕಿ ನೋಡ್ತೀನಿ" ಅನ್ನಿ. ಮನೇಲಿರೋದಕ್ಕೆ ಬಣ್ಣದ ಟೇಪ್ ಸುತ್ತಿ. ನಮ್ಮನೇಲಿ ಕೆಂಪು ಅಂದ್ರೆ ಚಾರ್ಜ್, ಹಳದಿ ಅಂದ್ರೆ ಡೇಟಾ, ಹಸಿರು ಅಂದ್ರೆ ವಿಡಿಯೊನೂ. ಹಸಿರು ಇರೋದು ಒಂದೇ, ಅಷ್ಟು ಸಾಕು.

ನಿಮ್ಮ ಮನೆ ಕೇಬಲ್ ಇವತ್ತೇ ಪರೀಕ್ಷೆ ಮಾಡಿ, ಎಷ್ಟು ಕೆಂಪು ಸಿಕ್ತು ಅಂತ ಕಾಮೆಂಟಲ್ಲಿ ಹೇಳಿ.

#ನಂಗಲಿ #ಮುಳಬಾಗಿಲು #ಕೋಲಾರ #ಟೈಪ್‌ಸಿ