ಶುಕ್ರ-ಕುಜರ ರಾಶಿ ನೋಡುವ ಬಗೆ

ಕುಪ್ಪೇಲೂರಿನ ಸದ್ಭಕ್ತರೊಬ್ಬರು ಮಗಳ ಹಾಗೂ ವರನ ಜಾತಕಗಳನ್ನು ನಮಗೆ ಕಳುಹಿಸಿದ್ದಾರೆ. ವಧುವಿಗೆ ಶುಕ್ರನು ವೃಷಭದಲ್ಲಿ, ವರನಿಗೆ ಕುಜನು ಮೇಷದಲ್ಲಿ, ಇಬ್ಬರೂ ಸ್ವಕ್ಷೇತ್ರದವರು. ಶುಕ್ರನಿಂದ ಒಲಿಯುವ ರೀತಿಯನ್ನೂ ಕುಜನಿಂದ ಮುನಿಯುವ ರೀತಿಯನ್ನೂ ಹೇಳುವುದುಂಟು. ವೃಷಭವು ಸ್ಥಿರರಾಶಿ; ಈಕೆ ನಿಧಾನವಾಗಿ ಒಲಿಯುವಳು, ಒಲಿದುದನ್ನು ಬಿಡಳು. ಮೇಷವು ಅಗ್ನಿತತ್ತ್ವದ ಚರರಾಶಿ; ಆತ ಥಟ್ಟನೆ ಸಿಡಿದು ಬೇಗನೆ ಮರೆಯುವನು. ಆತ ಮರೆತ ಮಾತನ್ನು ಈಕೆ ಮನದಲ್ಲಿಟ್ಟುಕೊಂಡು ಮೌನ ತಾಳಿದಾಗಲೇ ಮನಸ್ತಾಪ ಬೆಳೆಯುವುದೆಂದು ಇದರ ಫಲ.

ಆದರೆ ಕುಜನು ಒಂದು ರಾಶಿಯಲ್ಲಿ ಸಾಮಾನ್ಯವಾಗಿ 45 ದಿನವಿರುವನು. ಆಗ ಹುಟ್ಟಿದವರೆಲ್ಲ ಸಿಡುಕರೇ? ಪಾಶ್ಚಾತ್ಯರ ಸಾಯನ ಲೆಕ್ಕವು ನಮ್ಮ ನಿರಯನಕ್ಕಿಂತ ಸುಮಾರು 24 ಅಂಶ ಮುಂದಿರುವುದರಿಂದ ರಾಶಿಯೇ ಬದಲಾಗಬಹುದು. ಇಷ್ಟರಿಂದಲೇ ಸಂಬಂಧ ಮುರಿಯುವುದನ್ನು ನಾವು ಒಪ್ಪೆವು. ವರನ ಸಿಟ್ಟಿನ ಪರಿಯನ್ನು ಅವನ ನೆರೆಹೊರೆಯಲ್ಲಿ ವಿಚಾರಿಸಿರಿ.