ಕೊನೆಯ ಓದು, ಕೊನೆಯ ಪುಟದಿಂದ

ಸಾಲದ ಕಾಗದಗಳಿಗೆ ಸಹಿ ಹಾಕಿಸುವ ದಿನ ನಮ್ಮ ಬ್ರಾಂಚುಗಳಲ್ಲಿ ಹೇಗಿರುತ್ತದೆ ಅಂತ ಗೊತ್ತಲ್ಲ? ಗಿರಾಕಿಯನ್ನು ನಾಲ್ಕು ಗಂಟೆಗೆ ಬರಲು ಹೇಳಿರುತ್ತೇವೆ. ಅವರು ಅಂಧೇರಿಯಿಂದಲೋ ಡೊಂಬಿವಲಿಯಿಂದಲೋ ಲೋಕಲ್ ಹಿಡಿದು ಬೆವರು ಒರೆಸಿಕೊಳ್ಳುತ್ತಾ ಬರುತ್ತಾರೆ. ಮೇಜಿನ ಮೇಲೆ ನಲವತ್ತು ಪುಟದ ಕಟ್ಟು, ಅಲ್ಲಲ್ಲಿ ಹಳದಿ ಚೀಟಿ. 'ಚೀಟಿ ಇದ್ದಲ್ಲೆಲ್ಲ ಸಹಿ ಮಾಡಿ ಸಾರ್' ಅನ್ನುತ್ತೇವೆ. ಅವರು ಮಾಡುತ್ತಾರೆ. ಚಹಾ ಬರುತ್ತದೆ, ಕುಡಿದು ಹೋಗುತ್ತಾರೆ.

ನನ್ನ ಮಟ್ಟಿಗೆ ಆ ಹಳದಿ ಚೀಟಿಯಷ್ಟು ಅಪಾಯದ ವಸ್ತು ಬ್ಯಾಂಕಿನಲ್ಲಿ ಇನ್ನೊಂದಿಲ್ಲ. ಸಹಿ ಮಾಡುವವರ ಕಣ್ಣು ಚೀಟಿಯಿಂದ ಚೀಟಿಗೆ ಹಾರುತ್ತದೆ, ಮಧ್ಯೆ ಇರುವುದೆಲ್ಲ ಕುರುಡು. ಓದಿ ಕೊಡಬೇಕಾದ ನಾವಾದರೂ ಓದಿರುತ್ತೇವೆಯೇ ಅಂದರೆ... ನನ್ನದೇ ಕಥೆ ಹೇಳುತ್ತೇನೆ ಕೇಳಿ.

2012ರಲ್ಲಿ ಒಂದು ಫ್ಲ್ಯಾಟ್ ಅಡವಿನ ಸಾಲ. ಅದೇ ಸೊಸೈಟಿಯ ಇನ್ನೊಬ್ಬರಿಗೆ ಸ್ವಲ್ಪ ದಿನದ ಹಿಂದಷ್ಟೇ ಸಾಲ ಕೊಟ್ಟಿದ್ದೆವು. ಆ ಫೈಲನ್ನೇ ತೆರೆದು, ಹೆಸರು ಮೊತ್ತ ಬದಲಿಸಿ ಹೊಸ ಕಾಗದ ತಯಾರಾಯಿತು. ಕೊನೆಯ ಓದು ನನ್ನ ಪಾಲಿಗೆ ಬಂತು. ವಕೀಲರು ಒಪ್ಪಿದ ಕರಡು ಎಡಗಡೆ, ಸೈನಿಂಗ್ ಕಾಪಿ ಬಲಗಡೆ ಇಟ್ಟುಕೊಂಡು ಸಾಲು ಸಾಲು ಹೋಲಿಸಿದೆ. ಒಂದಕ್ಷರ ವ್ಯತ್ಯಾಸವಿರಲಿಲ್ಲ. ಆದರೆ ಫ್ಲ್ಯಾಟು 'ಬಿ' ವಿಂಗಿನದು. ಷೆಡ್ಯೂಲಿನಲ್ಲಿ 'ಡಿ' ವಿಂಗ್ ಅಂತ ಇತ್ತು, ಹಳೇ ಫೈಲಿನಿಂದ ಉಳಿದದ್ದು. ಕರಡಿನಲ್ಲೂ 'ಡಿ', ಕಾಪಿಯಲ್ಲೂ 'ಡಿ'. ಎರಡೂ ಸರಿಯಾಗಿ ಹೊಂದಿದವು!

ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ರಿಜಿಸ್ಟ್ರಿ 2011ರಲ್ಲಿ ಶುರುವಾಗಿತ್ತು. ಅಲ್ಲೂ ಷೆಡ್ಯೂಲ್ ನೋಡಿಯೇ ತುಂಬಿಸಿದೆವು. ನಾಲ್ಕು ವರ್ಷದ ನಂತರ 'ಡಿ' ವಿಂಗಿನ ಅದೇ ನಂಬರಿನ ಮನೆಯವರು, ನಮ್ಮ ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರು, ಮಗಳ ಮದುವೆಗೆ ಮನೆ ಮಾರಲು ಹೊರಟರು. ಕೊಳ್ಳುವವರ ಬ್ಯಾಂಕು ಹುಡುಕಿದಾಗ ಆ ಮನೆಯ ಮೇಲೆ ಸಾಲದ ಬೋಜಾ ಕಾಣಿಸಿತು. ವ್ಯಾಪಾರ ಮುರಿಯಿತು. ಆ ಮನುಷ್ಯ ನನ್ನೆದುರು ಕೂತು, 'ಸಾಹೇಬ್, ಮೈಂನೇ ಕ್ಯಾ ಕಿಯಾ?' ಎಂದು ಕೇಳಿದರು. ಸರಿಪಡಿಸಿದೆವು, ಆದರೆ ಕೊಳ್ಳುವವರು ಆಗಲೇ ಬೇರೆ ಮನೆ ನೋಡಿಕೊಂಡಿದ್ದರು.

ಅವತ್ತಿನಿಂದ ನಾನು ಎರಡು ನಿಯಮ ಮಾಡಿಕೊಂಡಿದ್ದೇನೆ. ಒಂದು, ಕರಡಿನ ಜೊತೆ ಹೋಲಿಸುವುದು ಅರ್ಧ ಕೆಲಸ ಮಾತ್ರ. ಅದರಲ್ಲಿ ಟೈಪಿಂಗ್ ತಪ್ಪು ಸಿಗುತ್ತದೆ, ಕರಡಿನದೇ ತಪ್ಪು ಸಿಗುವುದಿಲ್ಲ. ಪ್ರತಿ ಸಂಗತಿಯನ್ನೂ ಅದರ ಮೂಲದ ಜೊತೆ ಹೋಲಿಸಬೇಕು. ಎರಡು, ಕೊನೆಯ ಅನುಬಂಧದಿಂದ ಶುರುಮಾಡಿ ಮುಂದಕ್ಕೆ ಬರಬೇಕು. ಎಲ್ಲರೂ ಮುಖಪುಟದಿಂದ ಶುರು ಮಾಡುತ್ತಾರೆ. ಅಲ್ಲಿನ ಅಚ್ಚಾದ ಕಲಮುಗಳು ನೂರು ಫೈಲಿನಲ್ಲಿ ಓಡಿದ ಮಾಲು, ಅದರಲ್ಲಿ ತಪ್ಪಿರುವುದು ಕಡಿಮೆ. ಹೊಸದಾಗಿ ಟೈಪ್ ಆಗುವುದೆಲ್ಲ ಹಿಂದಿನ ಪುಟಗಳಲ್ಲಿ. ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸಂಜೆ ಆರಾಗಿರುತ್ತದೆ, ಕಣ್ಣು ಕೆಂಪಾಗಿರುತ್ತದೆ, 6.22ರ ಫಾಸ್ಟ್ ಲೋಕಲ್ ನೆನಪಾಗುತ್ತಿರುತ್ತದೆ.

ಇದು ಹೇಗೆ ನಡೆಯುತ್ತದೆ ಅಂತ ಒಂದು ಫೈಲಿನಲ್ಲೇ ತೋರಿಸುತ್ತೇನೆ. 2025ರ ಜೂನ್‌ನಲ್ಲಿ ನಮ್ಮ ಕಡೆಯ ಹೋಟೆಲ್ ಶೆಟ್ರೊಬ್ಬರದು, ಮೂಲ ಕುಂದಾಪುರ. ಠಾಣೆಯಲ್ಲಿ ಹೋಟೆಲ್ ಅಡುಗೆಮನೆ ಹೊಸದು ಮಾಡಲು ಮನೆ ಅಡವಿಟ್ಟು 48,50,000 ರೂಪಾಯಿ ಸಾಲ, 84 ಕಂತು. ಕಾಗದ ಎಲ್ಲ ಇಂಗ್ಲಿಷಿನಲ್ಲಿ, ಮುಂಬಯಿಯ ಪದ್ಧತಿಯಂತೆ.

ಕೊನೆಯ ಅನುಬಂಧದಲ್ಲಿ ಶೆಟ್ರು ಒಪ್ಪಿಸುವ ಹಕ್ಕುಪತ್ರಗಳ ಪಟ್ಟಿ. ಅದರಲ್ಲಿ ಸೊಸೈಟಿಯ ಷೇರು ಸರ್ಟಿಫಿಕೇಟು: 'ಹತ್ತು ಷೇರು, ನಂಬರ್ 181ರಿಂದ 191'. ಬೆರಳು ಮಡಚಿ ಎಣಿಸಿ ನೋಡಿ, ಹನ್ನೊಂದಾಗುತ್ತದೆ. ಮೂಲ ಸರ್ಟಿಫಿಕೇಟ್ ತೆಗೆದರೆ 190 ಎಂದಿತ್ತು. ಕಾಗದವೇ ತನ್ನ ತಪ್ಪನ್ನು ಹೇಳಿಕೊಡುವ ಇಂಥ ಜಾಗಗಳು ನನಗೆ ಬಹಳ ಇಷ್ಟ.

ಅದರ ಹಿಂದಿನದು ಆಸ್ತಿಯ ಷೆಡ್ಯೂಲ್. ವಿಂಗ್, ಫ್ಲ್ಯಾಟ್ ನಂಬರ್, ಸರ್ವೆ ನಂಬರ್ ಇವನ್ನು ನೋಂದಣಿಯಾದ ಖರೀದಿ ಕರಾರಿನ ಮುಂದಿಟ್ಟು, ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಬೇಕು. 'ಮುನ್ನೂರ ನಾಲ್ಕು' ಅಲ್ಲ, 'ಮೂರು, ಸೊನ್ನೆ, ನಾಲ್ಕು'. ಒಬ್ಬರು ಓದುವುದು, ಇನ್ನೊಬ್ಬರು ಕಾಪಿ ನೋಡುವುದು. ಹಳೇ ಬ್ಯಾಂಕಿನವರಿಗೆ ಲೆಡ್ಜರ್ 'ಕಾಲಿಂಗ್' ನೆನಪಿರಬಹುದು, ಅದೇ ವಿದ್ಯೆ. ಒಬ್ಬರೇ ಮನಸ್ಸಿನಲ್ಲಿ ಓದಿದರೆ ಕಣ್ಣು ತನಗೆ ಬೇಕಾದ್ದನ್ನು ನೋಡಿಬಿಡುತ್ತದೆ. ಶೆಟ್ರ ಷೆಡ್ಯೂಲಿನಲ್ಲಿ '58.25 ಚದರ ಮೀಟರ್, ಅಂದರೆ 672 ಚದರ ಅಡಿ' ಅಂತಿತ್ತು. 10.764ರಿಂದ ಗುಣಿಸಿದರೆ 627 ಬರುತ್ತದೆ. ಟೈಪಿಸ್ಟಿನ ಬೆರಳು ಹಿಂದುಮುಂದಾಗಿತ್ತು.

ಕಂತಿನ ಪಟ್ಟಿ ಮೂರನೆಯದು. ಮೊದಲ ಕಂತು 5 ಜುಲೈ 2025, ಕೊನೆಯದು 5 ಜುಲೈ 2032 ಎಂದಿತ್ತು. ಏಳು ವರ್ಷ, ಸರಿಯಲ್ಲವೇ ಅನ್ನಿಸುತ್ತದೆ. ಆದರೆ ಮೊದಲ ತಿಂಗಳೂ ಲೆಕ್ಕಕ್ಕೆ ಸೇರುತ್ತದಲ್ಲ, 84ನೇ ಕಂತು 5 ಜೂನ್ 2032ಕ್ಕೇ ಮುಗಿಯುತ್ತದೆ. ಕಾಗದದಲ್ಲಿದ್ದಂತೆ ಹೋದರೆ ಕಂತು 85!

ಇದರ ಜೊತೆಗೇ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಇರುತ್ತದೆ. 2024ರ ಅಕ್ಟೋಬರ್ 1ರಿಂದ ಮನೆ, ವಾಹನದಂಥ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮದ ಅವಧಿ ಸಾಲಗಳಿಗೂ ಇದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತಲೂ ಹೇಳಿದೆ. (ಮುಂಬಯಿಯಲ್ಲಿ ಕನ್ನಡದಲ್ಲಿ ಕೊಡಿ ಅಂತ ಒಬ್ಬರಾದರೂ ಕೇಳಿದ್ದಾರೆಯೇ? ನನ್ನನ್ನಂತೂ ಯಾರೂ ಕೇಳಿಲ್ಲ.) ಬಡ್ಡಿದರ ಈ ಹಾಳೆಯಲ್ಲಿದೆ, ಕರಾರಿನ ಒಳಗಿದೆ, ಸ್ಯಾಂಕ್ಷನ್ ಲೆಟರಿನಲ್ಲಿದೆ. ಕೊನೆ ಗಳಿಗೆಯಲ್ಲಿ ದರ ಕಾಲು ಪರ್ಸೆಂಟ್ ಇಳಿಸಿದರೆ ಒಂದು ಕಡೆ ತಿದ್ದಿ ಎರಡು ಕಡೆ ಮರೆಯುವುದು ಮಾಮೂಲು. ಹಾಗಾಗಿ ಮೊತ್ತ, ದರ, ಅವಧಿ, ಹೆಸರು ಈ ನಾಲ್ಕು ಎಲ್ಲೆಲ್ಲಿ ಬಂದಿವೆ ಅಂತ ಒಂದು ಚೀಟಿಯಲ್ಲಿ ಪುಟಸಂಖ್ಯೆ ಬರೆದುಕೊಳ್ಳುತ್ತೇನೆ. ತಿದ್ದುಪಡಿ ಆದರೆ ಆ ಚೀಟಿ ಹಿಡಿದು ಪ್ರತಿ ಪುಟಕ್ಕೂ ಹೋಗುತ್ತೇನೆ.

ಇನ್ನು ಸಹಿಯ ಪುಟ. ಇಲ್ಲಿ ಬರೀ ಸಹಿ ಜಾಗ ಇದ್ದು ಮೇಲೆ ಕರಾರಿನ ಒಂದು ಸಾಲೂ ಇಲ್ಲದಿದ್ದರೆ ಅದನ್ನು ವಾಪಸು ಕಳಿಸುತ್ತೇನೆ. ಅಂಥ ಹಾಳೆಯನ್ನು ಯಾವ ಕಾಗದಕ್ಕೂ ಪಿನ್ ಹೊಡೆಯಬಹುದು. ಕಡೆಯ ಕಲಮಿನ ಎರಡು ಸಾಲಾದರೂ ಅದೇ ಪುಟಕ್ಕೆ ಬರಬೇಕು.

ಹೆಸರಿನ ವಿಷಯದಲ್ಲಿ ನಮ್ಮವರದು ಬೇರೆಯದೇ ಪೀಕಲಾಟ. ಇಲ್ಲಿನ ಫಾರಂಗಳಿಗೆ ಸ್ವಂತ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಬೇಕು. ಶೆಟ್ರ ಹೆಸರಿನ ಮುಂದಿನ 'ಕೆ' ಅಂದರೆ ಊರು. ಟೈಪಿಸ್ಟ್ ಪುಣ್ಯಾತ್ಮ ಅದನ್ನು ತಂದೆಯ ಹೆಸರೆಂದು ತಿಳಿದು ಮಧ್ಯಕ್ಕೆ ತಂದಿದ್ದ. ಪ್ಯಾನ್ ಕಾರ್ಡಿನಲ್ಲಿ 'ಕೆ' ಕೊನೆಗೆ, ಖರೀದಿ ಕರಾರಿನಲ್ಲಿ ಮೊದಲಿಗೆ. 'ಮಾರಾಯ್ರೆ, ಮೂರೂ ನಾನೇ ಅಲ್ದಾ?' ಅಂದರು ಶೆಟ್ರು. ಹೌದು, ನನಗೆ ಗೊತ್ತು. ಹತ್ತು ವರ್ಷದ ನಂತರ ಈ ಫೈಲ್ ತೆರೆಯುವವನಿಗೆ ಗೊತ್ತಿರುವುದಿಲ್ಲ. ಪ್ಯಾನಿನ ಹೆಸರು ಬರೆದು, ಖರೀದಿ ಕರಾರಿನಲ್ಲಿ ಹೀಗಿದೆ ಎಂದು 'ಅಲಿಯಾಸ್' ಸೇರಿಸಿ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ತೆಗೆದುಕೊಂಡೆವು.

ಮಧ್ಯದ ಕಲಮುಗಳನ್ನು ನಾನು ಬೇಗ ದಾಟುತ್ತೇನೆ. ಪ್ರಿಂಟಿಗೆ ಮುಂಚೆ ಕಂಪ್ಯೂಟರಿನಲ್ಲೇ ಚೌಕ ಕಂಸ ಹುಡುಕಿಸಿದರೆ ತುಂಬದೆ ಬಿಟ್ಟ ಜಾಗ ಸಿಗುತ್ತದೆ. `Error! Reference source not found.` ಅಂತ ಎಲ್ಲಾದರೂ ಇದ್ದರೆ ಯಾವುದೋ ಕಲಮು ಅಳಿಸಿ ಹೋಗಿದೆ ಅಂತ ಅರ್ಥ. ಓದುತ್ತಾ ಹೋದಂತೆ ಕರಾರು ಹೆಸರಿಸಿದ ಅನುಬಂಧಗಳನ್ನೆಲ್ಲ ಬರೆದುಕೊಂಡು, ಹಿಂದೆ ಅವು ನಿಜವಾಗಿ ಇವೆಯೇ ನೋಡುತ್ತೇನೆ. ಮೊತ್ತ ಮಾತ್ರ ಇಲ್ಲೇ ಸಿಕ್ಕಿಬಿದ್ದಿತ್ತು: ಅಂಕಿಯಲ್ಲಿ 48,50,000, ಅಕ್ಷರದಲ್ಲಿ ನಲವತ್ತೆಂಟು ಲಕ್ಷದ ಐದು ಸಾವಿರ. 'ಫಿಫ್ಟಿ' ಹೋಗಿ 'ಫೈವ್' ಆಗಿತ್ತು. ಪ್ರಾಮಿಸರಿ ನೋಟು, ಚೆಕ್ಕುಗಳಲ್ಲಿ ಅಂಕಿಗೂ ಅಕ್ಷರಕ್ಕೂ ಜಗಳವಾದರೆ ಕಾನೂನಿನಲ್ಲಿ ಗೆಲ್ಲುವುದು ಅಕ್ಷರ. ಕರಾರಿನಿಂದ ನೋಟಿಗೆ ಅದೇ ಸಾಲು ಇಳಿದಿದ್ದರೆ ಬ್ಯಾಂಕಿಗೆ 45,000 ಖೋತಾ!

ಮುಖಪುಟ ಬರುವುದು ಕೊನೆಗೆ. ಅಲ್ಲಿ ನೋಡುವುದು ಸ್ಟಾಂಪು ಮತ್ತು ತಾರೀಕು. ಸ್ಟಾಂಪ್ ಕೊಂಡ ದಿನ ಕರಾರಿನ ದಿನಕ್ಕಿಂತ ಮುಂಚೆ ಅಥವಾ ಅದೇ ದಿನ ಇರಬೇಕು. ಮಹಾರಾಷ್ಟ್ರದಲ್ಲಿ ಕೊಂಡು ಆರು ತಿಂಗಳಾದ ಸ್ಟಾಂಪು ನಡೆಯುವುದಿಲ್ಲ. ಅಡಿಯಲ್ಲಿ 'ಡ್ರಾಫ್ಟ್ 4' ಅಂತ ಉಳಿದಿದ್ದರೆ ತೆಗೆಸಬೇಕು.

ಇಷ್ಟಕ್ಕೆಲ್ಲ ಇಬ್ಬರಿಗೆ ಎರಡೂವರೆ ತಾಸು ಹಿಡಿಯಿತು. ನಮ್ಮ ಮ್ಯಾನೇಜರ್ ಸಾಹೇಬರಿಗೆ ಇದು ದುಬಾರಿ ಅನ್ನಿಸುತ್ತದೆ, 'ವಕೀಲರು ನೋಡಿದ್ದಾರಲ್ಲ' ಅನ್ನುತ್ತಾರೆ. ವಕೀಲರು ಕಾನೂನು ನೋಡುತ್ತಾರೆ ಸ್ವಾಮಿ, ಷೇರು ನಂಬರ್ ಎಣಿಸುವುದಿಲ್ಲ. ತಪ್ಪು ಸಹಿಯ ಮೇಜಿನ ಮೇಲೇ ಕಂಡರೂ ಉಪಾಯವಿದೆ: ವೈಟ್ನರ್ ಮುಟ್ಟದೆ, ಹಳೆಯದು ಕಾಣುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಎಲ್ಲ ಪಕ್ಷದವರೂ ಅಲ್ಲೇ ಸಹಿ ಮಾಡಬೇಕು. ಸಹಿಯಾದ ಮೇಲೆ ಒಬ್ಬರೇ ಕೂತು ಮುಖ್ಯ ಸಂಗತಿ ತಿದ್ದಿದರೆ ಇಡೀ ಕಾಗದಕ್ಕೇ ಕುತ್ತು. ಮತ್ತೆ ತಿದ್ದುಪಡಿ ಪತ್ರ ಮಾಡೋಣ ಅಂದರೆ ಎಲ್ಲರೂ ಬದುಕಿರಬೇಕು, ಒಪ್ಪಬೇಕು. ಇಲ್ಲದಿದ್ದರೆ ಕೋರ್ಟು.

ಮೇಜಿನ ಆಚೆ ಕೂರುವ ನಿಮಗೂ ಒಂದು ಮಾತು. ಕರಾರಿನ ಪ್ರತಿಯನ್ನೂ ಅದರಲ್ಲಿ ಹೇಳಿದ ಅನುಬಂಧಗಳ ಪ್ರತಿಯನ್ನೂ ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಹಿಯಾದ ಮೇಲೆ ಕೊಡುವ ಅದನ್ನೇ ಒಂದು ದಿನ ಮುಂಚೆ ಕೇಳಿ. ಮುಖ ಗಂಟು ಹಾಕುತ್ತಾರೆ, ಹಾಕಲಿ. ಮನೆಯಲ್ಲಿ ಖರೀದಿ ಕರಾರು ಪಕ್ಕದಲ್ಲಿಟ್ಟುಕೊಂಡು, ಹೆಂಡತಿಯೋ ಮಗನೋ ಗಟ್ಟಿಯಾಗಿ ಓದುವಾಗ ಹಿಂದಿನ ನಾಲ್ಕು ಪುಟ ನೋಡಿ ಸಾಕು.

ಶೆಟ್ರು ಹಾಗೇ ಮಾಡಿದರು. ಮರುದಿನ ಬೆಳಿಗ್ಗೆ ಫೋನು: 'ಸಾರ್, ನಮ್ಮ ಮನೆ ಪೂರ್ವಕ್ಕೆ ಲಿಫ್ಟ್ ಅಂತ ಬರ್ದಿದ್ರಿ. ಲಿಫ್ಟ್ ಇರುದು ಪಶ್ಚಿಮಕ್ಕೆ.' ಖರೀದಿ ಕರಾರು ತೆಗೆದು ನೋಡಿದೆ. ಅಲ್ಲೂ ಪೂರ್ವ ಅಂತಲೇ ಇತ್ತು, ಬಿಲ್ಡರಿನ ಕಾಲದಿಂದ.