ಫುಲ್ ಫಾರ್ಮ್ ಪಟ್ಟಿಗೆ ಗ್ಲಾಸರಿ ಅಂತ ಕರೀಬೇಡಿ

1/6
ಟೀಮ್‌ಗೆ ಹೊಸಬರು ಸೇರಿದ ದಿನ ಕೈಗೆ ಕೊಡೋ ಎಕ್ಸೆಲ್ ಶೀಟ್ ಗೊತ್ತಲ್ವಾ? ಎಡಗಡೆ ಕಾಲಂನಲ್ಲಿ ಐಆರ್‌ಎನ್, ಐಆರ್‌ಪಿ, ಎಚ್‌ಎಸ್‌ಎನ್. ಬಲಗಡೆ ಅವುಗಳ ಫುಲ್ ಫಾರ್ಮ್. ಮೇಲೆ ದಪ್ಪ ಅಕ್ಷರದಲ್ಲಿ ‘ಗ್ಲಾಸರಿ’ ಅಂತ ಹೆಸರು. ಆ ಶೀಟ್ ಹೊಸಬರಿಗೆ ಏನೂ ಕಲಿಸಲ್ಲ. ‘ನನಗೆ ಅರ್ಥ ಆಯ್ತು’ ಅನ್ನೋ ಸುಳ್ಳು ಧೈರ್ಯ ಮಾತ್ರ ಕೊಡುತ್ತೆ. ಇದು ಅಡ್ಡಮಾತು ಅನ್ನಿಸಿದ್ರೆ ಮುಂದೆ ಓದಿ, ಆಮೇಲೆ ಜಗಳ ಆಡೋಣ.

ಉದಾಹರಣೆಗೆ ನಮ್ಮ ಬಿಕಾಂನೋರು ಇಂಟರ್ನ್‌ಶಿಪ್‌ನಲ್ಲಿ ಮೊದಲು ಎದುರಿಸೋ ದಾಖಲೆಯನ್ನೇ ತಗೊಳ್ಳಿ: ಜಿಎಸ್‌ಟಿ ಇ-ಇನ್‌ವಾಯ್ಸ್‌ನ ಸ್ಕೀಮಾ. ವಾರ್ಷಿಕ ವಹಿವಾಟು 5 ಕೋಟಿ ದಾಟಿದ ಹೆಚ್ಚಿನ ವ್ಯಾಪಾರಿಗಳು, ಇನ್ನೊಂದು ನೋಂದಾಯಿತ ವ್ಯಾಪಾರಿಗೆ ಬಿಲ್ ಮಾಡುವಾಗ, ಈ ಸ್ಕೀಮಾ ಹೇಳಿದ ರೂಪದಲ್ಲೇ ಪೋರ್ಟಲ್‌ಗೆ ಮಾಹಿತಿ ಕಳಿಸಬೇಕು. ಸಾಲು ಸಾಲು ಫೀಲ್ಡ್‌ಗಳು, ಪ್ರತಿಯೊಂದಕ್ಕೂ ಮೊಟಕು ಹೆಸರು. ಗ್ಲಾಸರಿ ಇಲ್ಲದೆ ನಡೆಯಲ್ಲ. ಆದ್ರೆ ಎಂಥ ಗ್ಲಾಸರಿ ಅನ್ನೋದೇ ಪ್ರಶ್ನೆ.

2/6
ಸಾಮಾನ್ಯವಾಗಿ ಹೇಗೆ ಮಾಡ್ತಾರೆ? ದಾಖಲೆಯನ್ನ ಟೆಕ್ಸ್ಟ್ ಫೈಲ್ ಮಾಡಿ, ದೊಡ್ಡಕ್ಷರದ ಪದಗಳನ್ನೆಲ್ಲ ಹೆಕ್ಕಿ ಎಣಿಸ್ತಾರೆ:

```
grep -oE '\b[A-Z][A-Z0-9]+\b' spec.txt | sort | uniq -c | sort -rn
```

ಶುರು ಮಾಡೋಕೆ ಇದು ಒಳ್ಳೇದೇ. ಯಾವ ಪದ ಎಷ್ಟು ಸಲ ಬಂದಿದೆ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಆದ್ರೆ ಈ ಬಲೆಗೆ ಬೀಳೋದು ಸುಲಭದ ಮೀನುಗಳು ಮಾತ್ರ. ಐಆರ್‌ಎನ್ ಅಂದ್ರೆ ಗೊತ್ತಿಲ್ಲದವರು ಪಕ್ಕದವರನ್ನ ಕೇಳೇ ಕೇಳ್ತಾರೆ, ಯಾಕಂದ್ರೆ ಅದು ನೋಡೋಕೇ ಅಪರಿಚಿತ.

`Pos` ಈ ಬಲೆಯಲ್ಲಿ ಸಿಗಲ್ಲ, ಅದರಲ್ಲಿ ಸಣ್ಣಕ್ಷರ ಇದೆ. ‘ಪೇಮೆಂಟ್’ ಅನ್ನೋ ಪದವೂ ಸಿಗಲ್ಲ, ಅದು ದಿನಾ ಆಡೋ ಮಾತು. ಅಪಾಯ ಇರೋದು ಇಲ್ಲೇ. ಗೊತ್ತಿದೆ ಅಂದ್ಕೊಂಡಿರೋ ಪದವನ್ನ ಯಾರೂ ಕೇಳಲ್ಲ.

3/6
ಮೊದಲು ‘ಪೇಮೆಂಟ್’. ಸ್ಕೀಮಾದಲ್ಲಿ `SupTyp` ಅಂತ ಒಂದು ಫೀಲ್ಡ್ ಇದೆ. ರಫ್ತು ಆದ್ರೆ ಅದರಲ್ಲಿ `EXPWP` ಅಥವಾ `EXPWOP` ಬರೀಬೇಕು. ಫುಲ್ ಫಾರ್ಮ್ ಪಟ್ಟಿ ಹೇಳೋದು ಇಷ್ಟೇ: ಎಕ್ಸ್‌ಪೋರ್ಟ್ ವಿತ್ ಪೇಮೆಂಟ್, ಎಕ್ಸ್‌ಪೋರ್ಟ್ ವಿದೌಟ್ ಪೇಮೆಂಟ್.

ಈಗ ಹೊಸಬರ ಜಾಗದಲ್ಲಿ ನಿಂತು ಯೋಚಿಸಿ. ದುಬೈ ಗ್ರಾಹಕರು ಅಡ್ವಾನ್ಸ್ ಕಳಿಸಿದ್ದಾರೆ, ದುಡ್ಡು ಬ್ಯಾಂಕಿಗೆ ಬಂದಿದೆ. ಹಾಗಾದ್ರೆ ‘ವಿತ್ ಪೇಮೆಂಟ್’ ತಾನೇ? ಅಲ್ಲ. ಇಲ್ಲಿ ಪೇಮೆಂಟ್ ಅಂದ್ರೆ ಗ್ರಾಹಕ ಕೊಡೋ ದುಡ್ಡಲ್ಲ, ನಾವು ಸರ್ಕಾರಕ್ಕೆ ಕಟ್ಟೋ ಐಜಿಎಸ್‌ಟಿ. ಅದನ್ನ ಕಟ್ಟಿ ಆಮೇಲೆ ರಿಫಂಡ್ ಕೇಳೋದಾದ್ರೆ `EXPWP`. ಬಾಂಡ್ ಅಥವಾ ಎಲ್‌ಯುಟಿ, ಅಂದ್ರೆ ಮುಚ್ಚಳಿಕೆ ಪತ್ರ, ಕೊಟ್ಟು ತೆರಿಗೆ ಕಟ್ಟದೇ ಕಳಿಸಿದ್ರೆ `EXPWOP`. ಗ್ರಾಹಕನ ದುಡ್ಡು ಬಂತೋ ಇಲ್ವೋ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಫುಲ್ ಫಾರ್ಮ್ ಸರಿಯಾಗೇ ಇತ್ತು ನೋಡಿ. ಆದ್ರೂ ದಾರಿ ತಪ್ಪಿಸ್ತು.

4/6
ಈಗ `Pos`. ಅಂಗಡಿ ಬಿಲ್ಲಿಂಗ್ ಕಂಡವರಿಗೆ ಇದು ‘ಪಾಯಿಂಟ್ ಆಫ್ ಸೇಲ್’, ಕಾರ್ಡ್ ಉಜ್ಜೋ ಮೆಷೀನು. ಇಲ್ಲಿ ಅದು ‘ಪ್ಲೇಸ್ ಆಫ್ ಸಪ್ಲೈ’, ಎರಡಂಕಿಯ ರಾಜ್ಯ ಸಂಕೇತ. ಕರ್ನಾಟಕಕ್ಕೆ 29, ಗೋವಾಕ್ಕೆ 30. ಅಷ್ಟು ಬರೆದ್ರೆ ಸಾಕಾ? ಸಾಲಲ್ಲ, ಯಾಕಂದ್ರೆ ‘ಪ್ಲೇಸ್’ ಕೂಡ ಸಾಮಾನ್ಯ ಪದದ ವೇಷದಲ್ಲಿರೋ ಕಾನೂನಿನ ಪದ.

ಒಂದು ಲೆಕ್ಕ ಮಾಡೋಣ. ಹುಬ್ಬಳ್ಳಿಯ ವ್ಯಾಪಾರಿ, ಬೆಂಗಳೂರಿನಲ್ಲಿ ನೋಂದಣಿ ಇರೋ ಕಂಪನಿಗೆ 1,00,000 ರೂಪಾಯಿ ಮಾಲು ಮಾರ್ತಾರೆ. ‘ಮಾಲನ್ನ ನೇರ ಗೋವಾದಲ್ಲಿರೋ ನಮ್ಮ ಗಿರಾಕಿಗೆ ಕಳಿಸಿಬಿಡಿ’ ಅಂತ ಬೆಂಗಳೂರಿನವರು ಹೇಳ್ತಾರೆ. ತೆರಿಗೆ 18%. ಹುಬ್ಬಳ್ಳಿಯವರ ಬಿಲ್‌ನಲ್ಲಿ `Pos` ಎಷ್ಟು?

ಲಾರಿ ಹೋಗಿದ್ದು ಗೋವಾಕ್ಕೆ, ಆದ್ರಿಂದ 30, ಐಜಿಎಸ್‌ಟಿ 18,000 ಅನ್ನಿಸುತ್ತೆ. ಸರಿ ಉತ್ತರ 29. ಐಜಿಎಸ್‌ಟಿ ಕಾಯ್ದೆಯ ಸೆಕ್ಷನ್ 10(1)(b) ಪ್ರಕಾರ, ಮೂರನೆಯವರ ಸೂಚನೆ ಮೇಲೆ ಮಾಲು ಬೇರೆ ಕಡೆ ಹೋದ್ರೆ, ಸೂಚನೆ ಕೊಟ್ಟವರೇ ಮಾಲು ಪಡೆದಂತೆ. ಅವರ ಮುಖ್ಯ ವ್ಯವಹಾರ ಸ್ಥಳವೇ ಪ್ಲೇಸ್ ಆಫ್ ಸಪ್ಲೈ. ಅಂದ್ರೆ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000.

ಒಟ್ಟು ಮೊತ್ತ ಎರಡರಲ್ಲೂ 1,18,000. ಹಾಗಾಗಿ ಬಿಲ್ ನೋಡಿದವರಿಗೂ ತಪ್ಪು ಕಾಣಲ್ಲ. 30 ಮತ್ತು ಐಜಿಎಸ್‌ಟಿ ಒಂದಕ್ಕೊಂದು ಹೊಂದೋದ್ರಿಂದ ಪೋರ್ಟಲ್ ಕೂಡ ಐಆರ್‌ಎನ್ ಕೊಟ್ಟುಬಿಡುತ್ತೆ. ಅದು ಲೆಕ್ಕದ ಹೊಂದಾಣಿಕೆ ನೋಡುತ್ತೆ, ಯಾರು ಯಾರಿಗೆ ಸೂಚನೆ ಕೊಟ್ರು ಅಂತ ನೋಡಲ್ಲ. ಪೋರ್ಟಲ್‌ನಲ್ಲಿ ರದ್ದು ಮಾಡೋಕೆ 24 ಗಂಟೆ ಅವಕಾಶ, ಅದೇ ಬಿಲ್ ನಂಬರ್ ಮತ್ತೆ ಬಳಸೋ ಹಾಗಿಲ್ಲ. ಅದು ದಾಟಿ ತಪ್ಪು ಉಳಿದ್ರೆ, ಸರಿಯಾದ ತೆರಿಗೆ ಹೊಸದಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದಕ್ಕೆ ರಿಫಂಡ್ ಅರ್ಜಿ ಹಾಕೋ ಪಾಡು.

5/6
ಹಾಗಾದ್ರೆ ಹೇಗೆ ಬರೀಬೇಕು? ಹೀಗೆ:

ಪದ: `Pos`
ಎಲ್ಲಿದೆ: `BuyerDtls` ಒಳಗೆ
ಅರ್ಥ: ಪ್ಲೇಸ್ ಆಫ್ ಸಪ್ಲೈನ ರಾಜ್ಯ ಸಂಕೇತ, ರಫ್ತಿಗೆ 96
ಇದಲ್ಲ: ಅಂಗಡಿ ಮೆಷೀನ್ ಅಲ್ಲ; ಮಾಲು ಇಳಿದ ರಾಜ್ಯವೇ ಆಗಬೇಕು ಅಂತಿಲ್ಲ (ಅದು `ShipDtls`ನಲ್ಲಿರುತ್ತೆ)
ನಿರ್ಧರಿಸೋದು: ಐಜಿಎಸ್‌ಟಿ ಕಾಯ್ದೆ, ಸೆಕ್ಷನ್ 10ರಿಂದ 13
ಉದಾಹರಣೆ: ಹುಬ್ಬಳ್ಳಿ–ಬೆಂಗಳೂರು–ಗೋವಾ, ಉತ್ತರ 29
ನೋಡಿದ್ದು: ಸ್ಕೀಮಾದ ಯಾವ ಆವೃತ್ತಿ, ಯಾವ ದಿನ

ಈ ಏಳರಲ್ಲಿ ‘ಇದಲ್ಲ’ ಅನ್ನೋ ಸಾಲೇ ಗ್ಲಾಸರಿಯ ಪ್ರಾಣ. ಉಳಿದ ಬಹುಪಾಲು ಸಾಲು ಹುಡುಕಿದ್ರೆ ಸಿಗುತ್ತೆ. ಇದು ಸಿಗೋದು, ಹೊಸಬರು ಏನಂತ ತಪ್ಪು ತಿಳ್ಕೋತಾರೆ ಅಂತ ಯೋಚಿಸಿದವರಿಗೆ ಮಾತ್ರ. ‘ನಿರ್ಧರಿಸೋದು’ ಸಾಲಿನಲ್ಲಿ ಕಾನೂನಿನ ಜಾಗ ತೋರಿಸಿ, ಅಷ್ಟೇ. ಕಾನೂನನ್ನೇ ನಿಮ್ಮ ಮಾತಲ್ಲಿ ತಿರುಗಿ ಬರೆದ್ರೆ, ನಾಳೆ ಟೀಮ್ ಕಾಯ್ದೆ ಬಿಟ್ಟು ನಿಮ್ಮ ವಾಕ್ಯವನ್ನೇ ನಂಬುತ್ತೆ.

6/6
‘ಇಷ್ಟೆಲ್ಲ ಬರೆಯೋಕೆ ಟೈಮ್ ಎಲ್ಲಿದೆ? ಡೌಟ್ ಇದ್ರೆ ಸೀನಿಯರ್‌ನ ಕೇಳಿದ್ರಾಯ್ತು’ ಅಂತೀರಾ? ಎರಡು ಉತ್ತರ. ಒಂದು, ಡೌಟೇ ಬರದ ಪದಗಳಿಗಾಗಿಯೇ ಈ ಕೆಲಸ. ‘ಪೇಮೆಂಟ್ ಅಂದ್ರೇನು ಸರ್’ ಅಂತ ಯಾವ ಬಿಕಾಂ ವಿದ್ಯಾರ್ಥಿ ಕೇಳ್ತಾರೆ ಹೇಳಿ. ಎರಡು, ಎಲ್ಲ ಪದಕ್ಕೂ ಏಳು ಸಾಲು ಬೇಡ. ಎಚ್‌ಎಸ್‌ಎನ್, ಐಆರ್‌ಪಿ ಥರದವಕ್ಕೆ ಒಂದು ಸಾಲು ಸಾಕು. ಪೂರ್ತಿ ನಮೂದು ಬೇಕಿರೋದು, ಹೊರಗೆ ಒಂದರ್ಥ, ಸ್ಕೀಮಾದೊಳಗೆ ಇನ್ನೊಂದರ್ಥ ಇರೋ ಪದಗಳಿಗೆ ಮಾತ್ರ.

ಅವನ್ನ ಗುರುತಿಸೋಕೆ ಒಂದು ದಾರಿ ಇದೆ. ಅರ್ಥ ಹೇಳದೆ ಪದ ಕೊಟ್ಟು, ಹೊಸಬರ ಕೈಲೇ ಅರ್ಥ ಬರೆಸಿ. ಖಾಲಿ ಬಿಟ್ಟ ಪದಗಳ ಚಿಂತೆ ಬೇಡ, ಅವನ್ನ ಅವರು ಕೇಳ್ತಾರೆ. ಧೈರ್ಯವಾಗಿ ತಪ್ಪು ಬರೆದ ಪದಗಳಿಗೆ ಗುರುತು ಹಾಕಿ. ನಿಮ್ಮ ಗ್ಲಾಸರಿ ಅಲ್ಲಿಂದ ಶುರುವಾಗಲಿ.

ನಿಮ್ಮ ಟೀಮ್‌ನಲ್ಲಿ ‘ಗೊತ್ತಿದೆ’ ಅನ್ನಿಸಿಕೊಂಡು ಕೈಕೊಟ್ಟ ಪದ ಯಾವುದು? ಕಾಮೆಂಟ್‌ನಲ್ಲಿ ಹಾಕಿ. ಫುಲ್ ಫಾರ್ಮ್ ಬೇಡ, ‘ಇದಲ್ಲ’ ಸಾಲು ಬರೀರಿ.

#ಬಿಕಾಂಕನ್ನಡ #ಜಿಎಸ್‌ಟಿ #ಇಇನ್‌ವಾಯ್ಸ್ #ಕಾಮರ್ಸ್‌ಮಾತು